ಮಾತು ಮುಟ್ಟುವ ಚೌಕಟ್ಟು: ಒಬ್ಬ ಸೈಕ್ಲಿಂಗ್ ಕೋಚ್‌ರ ಮಾತಿಗೆ ಅಕ್ಷರ ಕೂಡಿಸಿದ ಅನುಭವ

ವಿಜಯಪುರದಲ್ಲಿ ಸೈಕ್ಲಿಂಗ್ ಕಲಿಯುವ ಮಕ್ಕಳಿಗೆ ತೋರಿಸಲು ನಲವತ್ತು ಸೆಕೆಂಡಿನೊಳಗಿನ ಒಂದು ಸ್ಫೂರ್ತಿಯ ವಿಡಿಯೊ ಬೇಕೆಂದು ಅವರ ಹಿರಿಯ ಕೋಚ್ ಒಬ್ಬರು ನನ್ನನ್ನು ಕೇಳಿದಾಗ, ಅದರಲ್ಲಿ ಸೈಕಲ್ ಓಡಿಸುವ ದೃಶ್ಯವೇ ಇರಬಾರದೆಂದು ನಾವಿಬ್ಬರೂ ಮೊದಲೇ ಒಪ್ಪಿಕೊಂಡೆವು. ತಮ್ಮದೇ ಓಟದ ದೃಶ್ಯ ಕಂಡರೆ ಮಕ್ಕಳು ಪರದೆಯಲ್ಲಿ ತಮ್ಮ ಮುಖ ಹುಡುಕುತ್ತಾರೆಯೇ ಹೊರತು ಮಾತು ಕೇಳುವುದಿಲ್ಲ ಎಂಬುದು ಅವರ ಅನುಭವವಾಗಿತ್ತು. ಆದ್ದರಿಂದ ಬರಿಯ ಹಿನ್ನೆಲೆ ಬಣ್ಣ, ಅವರ ಧ್ವನಿ, ಆ ಧ್ವನಿಯ ಜೊತೆಗೆ ಒಂದೊಂದಾಗಿ ಬಂದು ಚಲಿಸುವ ಅಕ್ಷರ, ಇಷ್ಟರಲ್ಲೇ ಕೆಲಸ ಮುಗಿಯಬೇಕಿತ್ತು. ಕೈನೆಟಿಕ್ ಟೈಪೋಗ್ರಫಿ ಎಂದು ಕರೆಯುವ ಈ ಬಗೆಯನ್ನು ಮದುವೆಯ ವಿಡಿಯೊಗಳ ಶೀರ್ಷಿಕೆಯಲ್ಲಿ ಅಷ್ಟಿಷ್ಟು ಬಳಸಿದ್ದೆನಾದರೂ, ಪೂರ್ತಿ ಮಾತಿಗೆ ಪದಪದವಾಗಿ ಹೊಂದಿಸುವ ಕೆಲಸ ಬೇರೆಯೇ ಲೆಕ್ಕದ್ದು.

ಭೂತನಾಳ ಕೆರೆಯ ಕಡೆಯ ರಸ್ತೆಯಲ್ಲಿ ಬೆಳಗಿನ ಅಭ್ಯಾಸ ಮುಗಿದ ಮೇಲೆ ಅವರು ಮಕ್ಕಳೊಡನೆ ಆಡಿದ ಮಾತನ್ನು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕಿನಲ್ಲಿ ಮುದ್ರಿಸಿಕೊಂಡೆ. ಅದರಿಂದ ಆಯ್ದುಕೊಂಡ ಭಾಗ ಹೀಗಿತ್ತು: “ಸೈಕಲ್ ಕಾಲಾಗ ಅಲ್ಲ, ಉಸರಿನಾಗ ಹೊಡೀಬೇಕು. ಗಾಳಿ ಎದುರು ಬಂದ್ರ ತಲಿ ಬಗ್ಗಸ್ರಿ, ಕಾಲು ನಿಂದ್ರಸಬ್ಯಾಡ್ರಿ. ದಮ್ಮು ಹತ್ತಿದ್ರ ಹತ್ತಲಿ.” ಇದರ ಮುಂದೆಯೂ ಎರಡು ಮೂರು ವಾಕ್ಯಗಳಿದ್ದವು. ಆದರೆ ನನಗೆ ಹೆಚ್ಚು ಕೆಲಸ ಕೊಟ್ಟದ್ದೂ ಕಲಿಸಿದ್ದೂ ಇವೇ ಆದ್ದರಿಂದ ಇವುಗಳ ಬಗ್ಗೆಯೇ ಬರೆಯುತ್ತೇನೆ.

ಅಕ್ಷರಕ್ಕೆ ಕೈ ಹಾಕುವ ಮೊದಲು ಧ್ವನಿಯ ಕೆಲಸವನ್ನು ಪೂರ್ತಿ ಮುಗಿಸಿಟ್ಟೆ. ಬಯಲಿನ ಗಾಳಿಯ ಗುಂಯ್‌ಗುಡುವಿಕೆಯನ್ನು ತಗ್ಗಿಸಲು 100 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನು ಕತ್ತರಿಸಿ, ನಡುವಿನ ಉದ್ದನೆಯ ನಿಲುಗಡೆಗಳನ್ನು ಸ್ವಲ್ಪ ಕುಗ್ಗಿಸಿ, ಅದನ್ನು 48 ಕಿಲೋಹರ್ಟ್ಸ್‌ನ ವೇವ್ ಫೈಲ್ ಆಗಿ ಉಳಿಸಿಕೊಂಡೆ. ಎಂಪಿ3 ಆಗಿ ಉಳಿಸಿದರೆ ಆ ವಿಧಾನವೇ ಫೈಲಿನ ಆರಂಭದಲ್ಲಿ ಒಂದಿಷ್ಟು ಮೌನವನ್ನು ಸೇರಿಸುವುದರಿಂದ, ಒಂದು ತಂತ್ರಾಂಶದಲ್ಲಿ ಗುರುತಿಸಿದ ಕಾಲ ಮತ್ತೊಂದರಲ್ಲಿ ತುಸು ಸರಿದು ಹೋಗಬಹುದು. ಅಕ್ಷರ ಕೂಡಿಸಿದ ಮೇಲೆ ಧ್ವನಿಯ ನಡುವೆ ಅರ್ಧ ಸೆಕೆಂಡು ಕತ್ತರಿಸಿದರೂ ಅಲ್ಲಿಂದ ಮುಂದಿನ ಪ್ರತಿಯೊಂದು ಪದವನ್ನೂ ಮತ್ತೆ ಸರಿಸಬೇಕಾಗುತ್ತದೆ. ಹಾಗಾಗಿ ಕೋಚ್‌ ಅವರಿಗೆ ಧ್ವನಿಯನ್ನಷ್ಟೇ ಕೇಳಿಸಿ, ಇನ್ನು ಬದಲಾವಣೆ ಇಲ್ಲವೆಂಬ ಒಪ್ಪಿಗೆ ಪಡೆದ ನಂತರವೇ ಮುಂದುವರಿದೆ.

ಪದಗಳ ಕಾಲವನ್ನು ಗುರುತಿಸಲು ಅಡಾಸಿಟಿ ಬಳಸಿದೆ. ಧ್ವನಿ ಓಡುತ್ತಿರುವಾಗಲೇ Ctrl+M ಒತ್ತಿದರೆ ಆ ಕ್ಷಣಕ್ಕೆ ಒಂದು ಲೇಬಲ್ ಬೀಳುತ್ತದೆ, ಅದಕ್ಕೆ ಪದದ ಹೆಸರು ಬರೆದುಕೊಳ್ಳಬಹುದು. ಕಿವಿಗೆ ಕೇಳಿ ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗುವುದು ಸಹಜವಾದ್ದರಿಂದ, ಈ ಮೊದಲ ಗುರುತುಗಳು ಪದಗಳ ಸಾಲನ್ನು ತಿಳಿಸುತ್ತವೆಯೇ ಹೊರತು ನಿಖರವಾದ ಕಾಲವನ್ನಲ್ಲ. ಆಮೇಲೆ ಪ್ರತಿ ಪದವನ್ನೂ ಹಿಗ್ಗಿಸಿ ನೋಡಿ ಗುರುತನ್ನು ಕೈಯಿಂದ ಸರಿಸಬೇಕು. ಎಲ್ಲಿಗೆ ಸರಿಸಬೇಕು ಎಂಬುದರಲ್ಲಿಯೇ ಈ ಕೆಲಸದ ಮರ್ಮವಿದೆ.

ತರಂಗದ ಚಿತ್ರ ಎಲ್ಲಿ ಉಬ್ಬಲು ಶುರುವಾಗುತ್ತದೆಯೋ ಅಲ್ಲಿಯೇ ಪದ ಶುರುವಾಯಿತೆಂದು ಕಣ್ಣಿಗೆ ತೋರುತ್ತದೆ. ಆದರೆ ಕಿವಿ ಪದದ ಬಡಿತವನ್ನು ಅಲ್ಲಿ ಗ್ರಹಿಸುವುದಿಲ್ಲ, ಮೊದಲ ಸ್ವರ ತೆರೆದುಕೊಳ್ಳುವ ಜಾಗದ ಆಸುಪಾಸಿನಲ್ಲಿ ಗ್ರಹಿಸುತ್ತದೆ. ‘ಸೈಕಲ್’ ಎನ್ನುವಾಗ ‘ಸ’ಕಾರದ ಸುಯ್ಯೆನ್ನುವ ಸದ್ದು ಅವರ ಧ್ವನಿಯಲ್ಲಿ 120 ಮಿಲಿಸೆಕೆಂಡಿನಷ್ಟು ಉದ್ದವಿತ್ತು, ಅದರ ನಂತರ ‘ಐ’ ತೆರೆಯುತ್ತಿತ್ತು. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊದಲ್ಲಿ ಒಂದು ಚೌಕಟ್ಟು 40 ಮಿಲಿಸೆಕೆಂಡು, ಅಂದರೆ ಆ ಸುಯ್ಯೆನ್ನುವ ಸದ್ದೇ ಮೂರು ಚೌಕಟ್ಟು. ಸದ್ದಿನ ಮೊದಲ ತುದಿಗೆ ಪದವನ್ನು ಕೂಡಿಸಿದರೆ ಅದು ಮಾತಿಗಿಂತ ಮುಂಚೆ ಬಂದು ಕಾಯುತ್ತಾ ನಿಂತಂತೆ ಕಾಣುತ್ತದೆ, ಸ್ವರದ ಬಾಯಿಗೆ ಕೂಡಿಸಿದರೆ ಬಾಯಿಂದಲೇ ಬಿದ್ದಂತೆ ಕಾಣುತ್ತದೆ. ‘ಗಾಳಿ’ಯಂಥ ಪದದಲ್ಲಿ ವ್ಯಂಜನ ಬಹಳ ಚಿಕ್ಕದಾದ್ದರಿಂದ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ‘ಎದುರು’, ‘ಉಸರಿನಾಗ’ ಎಂಬ ಸ್ವರಾದಿ ಪದಗಳಲ್ಲಿ ಪ್ರಶ್ನೆಯೇ ಇಲ್ಲ. ತೊಂದರೆ ಕೊಡುವವು ಸ, ಶ, ಮತ್ತು ಮೂಗಿನಲ್ಲಿ ಗುನುಗುತ್ತಾ ಶುರುವಾಗುವ ನ, ಮ. ಅಡಾಸಿಟಿಯಲ್ಲಿ ತರಂಗದ ಬದಲು ಸ್ಪೆಕ್ಟ್ರೋಗ್ರಾಂ ನೋಟವನ್ನು ತೆರೆದರೆ ‘ಸ’ ಮೇಲ್ಭಾಗದಲ್ಲಿ ಮಂಜಿನಂತೆ ಹರಡಿರುತ್ತದೆ, ಸ್ವರ ಬಂದೊಡನೆ ಕೆಳಗಿನಿಂದ ಅಡ್ಡ ಪಟ್ಟಿಗಳು ಏಳುತ್ತವೆ. ಆ ಪಟ್ಟಿಗಳ ಎಡ ಅಂಚೇ ನನಗೆ ಬೇಕಾದ ಗುರುತು.

ಇನ್ನೊಂದು ಕಡೆ ಎಚ್ಚರ ಬೇಕಾದದ್ದು ‘ಹತ್ತಿದ್ರ ಹತ್ತಲಿ’ ಎಂಬಲ್ಲಿ. ಕನ್ನಡದ ದ್ವಿತ್ವದಲ್ಲಿ, ಅದರಲ್ಲೂ ತ್ತ, ಪ್ಪ, ಕ್ಕಗಳಲ್ಲಿ, ನಾಲಿಗೆ ಅಥವಾ ತುಟಿ ಮುಚ್ಚಿ ನಿಂತಷ್ಟು ಹೊತ್ತು ನಿಜವಾಗಿಯೂ ಮೌನವಿರುತ್ತದೆ, ಒತ್ತಿ ಮಾತನಾಡುವವರಲ್ಲಿ ಅದು ಇನ್ನೂ ಉದ್ದವಾಗುತ್ತದೆ. ತರಂಗದಲ್ಲಿ ‘ಹ’ ಒಂದು ಗುಡ್ಡೆ, ನಡುವೆ ಬರಿದು, ‘ತಿದ್ರ’ ಇನ್ನೊಂದು ಗುಡ್ಡೆ. ಆದರೆ ‘ಹತ್ತಿದ್ರ’ ಮತ್ತು ‘ಹತ್ತಲಿ’ ಎಂಬ ಎರಡು ಪದಗಳ ನಡುವೆ ಕೋಚ್ ಉಸಿರು ಬಿಟ್ಟಿರಲೇ ಇಲ್ಲ. ಮೌನವನ್ನು ಹುಡುಕಿ ತಾನಾಗಿಯೇ ಗುರುತು ಹಾಕುವ ಸೌಲಭ್ಯವನ್ನು ಬಳಸಿದರೆ ಅದು ಪದದ ಒಳಗೆ ಕತ್ತರಿ ಹಾಕಿ, ಪದಗಳ ನಡುವನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಕನ್ನಡದ ಮಾತಿಗೆ ಈ ಗುರುತು ಹಾಕುವ ಕೆಲಸವನ್ನು ಕೈಯಿಂದ, ಕಿವಿಯಿಂದ ಮಾಡುವುದೇ ಬೇಗ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಲೇಬಲ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿದಾಗ ಸಿಗುವುದು ಒಂದು ಸರಳ ಪಠ್ಯದ ಫೈಲು. ಅದರಲ್ಲಿ ಪ್ರತಿ ಸಾಲಿನಲ್ಲೂ ಆರಂಭ, ಅಂತ್ಯ, ಪದ ಇರುತ್ತವೆ, ಕಾಲವೆಲ್ಲ ಸೆಕೆಂಡುಗಳಲ್ಲಿ:

```
5.020	5.270	ತಲಿ
5.310	5.800	ಬಗ್ಗಸ್ರಿ
6.240	6.520	ಕಾಲು
6.620	7.140	ನಿಂದ್ರಸ
7.180	7.600	ಬ್ಯಾಡ್ರಿ
```

ಆರಂಭದ ಕಾಲವನ್ನು 25ರಿಂದ ಗುಣಿಸಿದರೆ ಚೌಕಟ್ಟಿನ ಸಂಖ್ಯೆ ಬರುತ್ತದೆ. ‘ತಲಿ’ಗೆ 125.5 ಬಂದರೆ 125ನ್ನೇ ಹಿಡಿಯುತ್ತೇನೆ, 126ನ್ನಲ್ಲ. ಏಕೆಂದರೆ ನೋಡುವವರು ಚಿತ್ರ ತುಸು ಮುಂದಿರುವುದನ್ನು ಸಹಿಸುವಷ್ಟು ಸುಲಭವಾಗಿ ಧ್ವನಿ ಮುಂದಿರುವುದನ್ನು ಸಹಿಸುವುದಿಲ್ಲ. ದೂರದರ್ಶನ ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಶಿಫಾರಸಿನಲ್ಲಿ, ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಗೊತ್ತಾಗುತ್ತದೆ, ಆದರೆ ಹಿಂದಾಗಿರುವುದು ಗೊತ್ತಾಗಲು ಸುಮಾರು 125 ಮಿಲಿಸೆಕೆಂಡು ಬೇಕು ಎಂದಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪದ ಒಂದು ಚೌಕಟ್ಟು ತಡವಾದರೆ ಅಂಚಿಗೆ ಬಂದಂತೆ, ಎರಡು ಚೌಕಟ್ಟು ಮುಂಚೆ ಬಂದರೂ ಯಾರೂ ಗಮನಿಸುವುದಿಲ್ಲ.

ಇಲ್ಲಿಯೇ ಹೇಳಬೇಕಾದ ಮತ್ತೊಂದು ವಿಷಯವೆಂದರೆ, ಗುರುತು ಹಾಕಿದ ಚೌಕಟ್ಟಿನಲ್ಲಿ ಪದದ ಚಲನೆ ಶುರುವಾಗಬಾರದು, ಮುಗಿಯಬೇಕು. ಪದ ಕೆಳಗಿನಿಂದ ಏರಿ ಬರುವುದಿದ್ದರೆ, ಅದು ತನ್ನ ಜಾಗಕ್ಕೆ ಬಂದು ತಾಕುವ ಕ್ಷಣವನ್ನೇ ಕಣ್ಣು ಬಡಿತವೆಂದು ಎಣಿಸುತ್ತದೆ. ಹಾಗಾಗಿ ‘ತಲಿ’ ಎಂಬುದು 121ನೇ ಚೌಕಟ್ಟಿನಲ್ಲಿ ಹೊರಟು 125ರಲ್ಲಿ ನೆಲೆಗೊಂಡಿತು. ವೇಗದ ರೇಖೆಯನ್ನು ಆರಂಭದಲ್ಲಿ ಕಡಿದಾಗಿಯೂ ಕೊನೆಯಲ್ಲಿ ಮೆತ್ತಗೂ ಇಟ್ಟರೆ ಪದ ದೂರದ ಹೆಚ್ಚು ಪಾಲನ್ನು ಮೊದಲ ಎರಡು ಚೌಕಟ್ಟುಗಳಲ್ಲೇ ಮುಗಿಸುತ್ತದೆ, ಓದಲು ಸಮಯ ಉಳಿಯುತ್ತದೆ. ಎರಡೂ ಕಡೆ ಮೆತ್ತಗಿರುವ, ತಂತ್ರಾಂಶವು ಒಂದೇ ಕೀಲಿಯಲ್ಲಿ ಕೊಡುವ ಸಿದ್ಧ ರೇಖೆಯನ್ನು ಮಾತಿನ ಕೆಲಸಕ್ಕೆ ನಾನು ಬಳಸುವುದಿಲ್ಲ, ಅದರಲ್ಲಿ ಪದ ನಿಂತದ್ದು ಯಾವಾಗ ಎಂಬುದೇ ಸ್ಪಷ್ಟವಾಗುವುದಿಲ್ಲ.

ಇನ್ನು ಅಕ್ಷರದ ವಿಚಾರ. ಕೆಲಸವನ್ನು ಆಫ್ಟರ್ ಇಫೆಕ್ಟ್ಸ್‌ನಲ್ಲಿ ಮಾಡಿದೆ. ನನ್ನಲ್ಲಿರುವ ಆವೃತ್ತಿಯಲ್ಲಿ ಪ್ರಿಫರೆನ್ಸಸ್‌ನ Type ಎಂಬ ವಿಭಾಗದಲ್ಲಿ South Asian and Middle Eastern ಎಂಬುದನ್ನು ಆರಿಸದಿದ್ದರೆ ಒತ್ತಕ್ಷರಗಳು ಕೆಳಗೆ ಹೋಗದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಸರಿಯಾಗಿದೆಯೇ ಎಂದು ನೋಡಲು ‘ನಿಂದ್ರಸಬ್ಯಾಡ್ರಿ’ ಎಂಬ ಪದವೇ ಸಾಕು, ಅದರಲ್ಲಿ ಮೂರು ಕಡೆ ಒತ್ತುಗಳಿವೆ. ಅಕ್ಷರಗಳು ಒಂದೊಂದಾಗಿ ಹಾರಿ ಬರುವ ಸಿದ್ಧ ಚಲನೆಗಳು ಇಂಗ್ಲಿಷಿನಲ್ಲಿ ಸೊಗಸಾಗಿ ಕಂಡರೂ ಕನ್ನಡದಲ್ಲಿ ಅನರ್ಥ ಮಾಡುತ್ತವೆ. ಒತ್ತು ಒಂದು ಕಡೆ, ಮೇಲಿನ ಅಕ್ಷರ ಮತ್ತೊಂದು ಕಡೆ ಹಾರುವುದನ್ನು ನೋಡಿದವರಿಗೆ ಇದು ಗೊತ್ತು. ಟೆಕ್ಸ್ಟ್ ಅನಿಮೇಟರ್‌ನ Based On ಎಂಬಲ್ಲಿ Characters ಬದಲು Words ಎಂದಿಟ್ಟುಕೊಳ್ಳುವುದು ಸುರಕ್ಷಿತ.

ಫಾಂಟ್ ಆಗಿ ಅನೇಕ್ ಕನ್ನಡವನ್ನು ಆರಿಸಿಕೊಂಡೆ, ಅದರಲ್ಲಿ ದಪ್ಪವನ್ನಷ್ಟೇ ಅಲ್ಲದೆ ಅಗಲವನ್ನೂ ಬದಲಾಯಿಸಬಹುದಾದ್ದರಿಂದ ಉದ್ದನೆಯ ಕ್ರಿಯಾಪದಗಳು 1080 ಪಿಕ್ಸೆಲ್ ಅಗಲದ ನಿಂತ ಪರದೆಯಲ್ಲಿ ಗಾತ್ರ ಕುಗ್ಗದೆ ಕೂರುತ್ತವೆ. ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಲಿಲ್ಲ, ತಂತ್ರಾಂಶ ತಾನಾಗಿ ಕೊಡುವ 120 ಪ್ರತಿಶತದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪದವನ್ನು ಒಂದು ಕಾಣದ ಅಂಚಿನ ಹಿಂದಿನಿಂದ ಮೇಲೇಳಿಸಲು ಮಾಸ್ಕ್ ಹಾಕುವಾಗಲೂ, ಅದರ ಅಂಚನ್ನು ಒತ್ತುಗಳಿಗಿಂತ ಕೆಳಗೆ ಇಳಿಸದಿದ್ದರೆ ‘ಬಗ್ಗಸ್ರಿ’ ಎಂಬುದು ‘ಬಗಸಿ’ಯಾಗಿ ನಿಲ್ಲುತ್ತದೆ.

ಈ ಪದದಲ್ಲಿಯೇ ಇನ್ನೊಂದು ಸಂಗತಿ ಇದೆ. ಕೋಚ್ ಅದನ್ನು ಎರಡು ಹೊಡೆತದಲ್ಲಿ, ‘ಬಗ್’ ಎಂದು ಒತ್ತಿ ‘ಗಸ್ರಿ’ ಎಂದು ಇಳಿಸಿ ಹೇಳಿದ್ದರು, ಅದಕ್ಕೆ ತಕ್ಕಂತೆ ಪದವೂ ಎರಡು ಹಂತದಲ್ಲಿ ಬಗ್ಗಬೇಕೆಂದು ನನ್ನ ಆಸೆಯಾಗಿತ್ತು. ಬಾಯಿ ‘ಬಗ್’ ಮತ್ತು ‘ಗಸ್’ ಎಂದು ಒಡೆಯುತ್ತದೆ, ಆದರೆ ಲಿಪಿಯಲ್ಲಿ ‘ಗ್ಗ’ ಒಂದೇ ಅಕ್ಷರ, ಅದನ್ನು ಅಡ್ಡಕ್ಕೆ ಕತ್ತರಿಸಲು ಬರುವುದಿಲ್ಲ. ಆದ್ದರಿಂದ ಪದವನ್ನು ಒಡೆಯದೆ ಇಡಿಯಾಗಿ ತಂದು, ಎರಡನೆಯ ಹೊಡೆತಕ್ಕೆ ಪೂರ್ತಿ ಪದವೇ ಆರು ಡಿಗ್ರಿ ಮುಂದಕ್ಕೆ ಬಾಗುವಂತೆ ಮಾಡಿದೆ. ‘ಹತ್ತಿದ್ರ ಹತ್ತಲಿ’ಯಲ್ಲೂ ಇದೇ ತಡೆ ಎದುರಾಯಿತು. ‘ಹತ್ತ’ ಎಂಬುದನ್ನು ಪರದೆಯಲ್ಲೇ ಉಳಿಸಿಕೊಂಡು ಬಾಲವನ್ನಷ್ಟೇ ಬದಲಾಯಿಸಬಹುದೆಂದು ತೋರಿದರೂ, ‘ತ್ತಿ’ ಮತ್ತು ‘ತ್ತ’ ಆಕಾರದಲ್ಲಿ ಬೇರೆಯಾದ್ದರಿಂದ ನಿಲ್ಲಬಲ್ಲದ್ದು ‘ಹ’ ಒಂದೇ. ಕೊನೆಗೆ ಎರಡನ್ನೂ ಒಂದರ ಕೆಳಗೊಂದು ಇಟ್ಟು, ಎರಡನೆಯದನ್ನು ಹೆಚ್ಚು ದಪ್ಪವಾಗಿಸಿದೆ.

‘ನಿಂದ್ರಸಬ್ಯಾಡ್ರಿ’ ಎಂಬಲ್ಲಿ ಮಾತ್ರ ಬಾಯಿಯೂ ಲಿಪಿಯೂ ಒಂದೇ ಜಾಗದಲ್ಲಿ ಬಿಡುತ್ತವೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ, ಅದರಲ್ಲೂ ಬೇಡ ಎಂಬುದು ಕ್ರಿಯಾಪದದ ತುದಿಗೆ ಬರುವುದರಿಂದ, ಇಡೀ ಪದವನ್ನು ಒಮ್ಮೆಗೇ ತೋರಿಸಿದರೆ ಕಣ್ಣು ‘ಬ್ಯಾಡ್ರಿ’ಯನ್ನು ಕಿವಿಗಿಂತ ಅರ್ಧ ಸೆಕೆಂಡು ಮೊದಲೇ ಓದಿಬಿಡುತ್ತದೆ. ಹಾಗಾಗಿ ಇದನ್ನು ಎರಡು ಲೇಯರ್ ಮಾಡಿದೆ. ಅದುವರೆಗೆ ಪಕ್ಕದಿಂದ ಬಂದ ಪದಗಳೆಲ್ಲ ಬಲದಿಂದ, ಎದುರು ಗಾಳಿಯ ದಿಕ್ಕಿನಿಂದ, ಬರುತ್ತಿದ್ದವು, ಮತ್ತು ಬಂದ ಮೇಲೂ ಬಹಳ ಮೆಲ್ಲಗೆ ಎಡಕ್ಕೆ ಜಾರುತ್ತಲೇ ಇದ್ದವು. ‘ನಿಂದ್ರಸ’ 165ನೇ ಚೌಕಟ್ಟಿನಲ್ಲಿ ಬಂದೊಡನೆ ಆ ಜಾರುವಿಕೆಯೂ ಸೇರಿ ಪರದೆಯ ಎಲ್ಲ ಚಲನೆಯೂ ನಿಂತುಹೋಗುತ್ತದೆ. 176ರಲ್ಲಿ ಹೊರಟ ‘ಬ್ಯಾಡ್ರಿ’ ಎಡದಿಂದ, ಅದುವರೆಗೆ ಯಾವ ಪದವೂ ಬರದ ಕಡೆಯಿಂದ, 179ರಲ್ಲಿ ಬಂದು ತಾಗಿ, ಮೇಲಿನ ಸಾಲನ್ನೆಲ್ಲ ಬಲಕ್ಕೆ ತಳ್ಳುತ್ತದೆ. ಬರೆಯುವಾಗ ‘ಬ್ಯಾ’ ಎಂದು ಯಕಾರದ ಒತ್ತು ಹಾಕಿದರೂ ನಮ್ಮ ಕಡೆಯ ಬಾಯಲ್ಲಿ ಅಲ್ಲಿ ಯಕಾರವಿಲ್ಲ, ‘ಬ’ ಬಿಟ್ಟೊಡನೆ ಅಗಲವಾದ ಸ್ವರ ತೆರೆಯುತ್ತದೆ, ಆದ್ದರಿಂದ ಗುರುತನ್ನು ತುಟಿ ತೆರೆದ ಕ್ಷಣಕ್ಕೇ ಇಟ್ಟೆ.

ಇದನ್ನು ‘ನಿಲ್ಲಿಸಬೇಡಿ’ ಎಂದು ಗ್ರಂಥಸ್ಥ ಭಾಷೆಯಲ್ಲಿ ತೋರಿಸಬೇಕೆಂದು ಒಬ್ಬ ಶಿಕ್ಷಕರು ಸಲಹೆ ಕೊಟ್ಟಿದ್ದರು. ಕಿವಿ ಒಂದನ್ನು ಕೇಳಿ ಕಣ್ಣು ಮತ್ತೊಂದನ್ನು ಓದಿದರೆ ಎಷ್ಟು ನಿಖರವಾದ ಚೌಕಟ್ಟಿನಲ್ಲಿ ಕೂಡಿಸಿದರೂ ಹೊಂದಿಕೆ ತಪ್ಪಿದಂತೆಯೇ ಕಾಣುತ್ತದೆ ಎಂದು ಎರಡೂ ಬಗೆಯಲ್ಲಿ ಮಾಡಿ ತೋರಿಸಿದ ಮೇಲೆ ಅವರೂ ಒಪ್ಪಿದರು.

ಪದಗಳ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಚ್ ಸೆಕೆಂಡಿಗೆ ಎರಡರಿಂದ ಮೂರು ಪದಗಳಷ್ಟು ವೇಗದಲ್ಲಿ ಮಾತನಾಡುತ್ತಾರೆ, ಹೊಸ ಜಾಗಕ್ಕೆ ನೋಟ ಹಾರಲು ತೊಡಗುವುದಕ್ಕೇ ಕಣ್ಣಿಗೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಪ್ರತಿ ಪದವನ್ನೂ ಪರದೆಯ ಹೊಸ ಮೂಲೆಯಲ್ಲಿ ತಂದರೆ ಕಣ್ಣು ಅಲ್ಲಿಗೆ ಹೋಗುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಆದ್ದರಿಂದ ಒಂದು ಉಪವಾಕ್ಯದ ಪದಗಳೆಲ್ಲ ಒಂದೇ ಗುಂಪಾಗಿ ನಡುವಿನಲ್ಲಿ ಕಟ್ಟಿಕೊಳ್ಳುತ್ತವೆ, ಕೋಚ್ ಉಸಿರೆಳೆದುಕೊಳ್ಳುವಾಗ ಗುಂಪು ಪೂರ್ತಿ ಹೊರಡುತ್ತದೆ.

ಮೊದಲ ಕರಡನ್ನು ಅಭ್ಯಾಸದ ಜಾಗಕ್ಕೇ ಒಯ್ದು ಲ್ಯಾಪ್‌ಟಾಪಿನಿಂದ ತೋರಿಸಿದೆ. ಬಯಲಿನಲ್ಲಿ ಸದ್ದು ಸಾಲದೆಂದು ಹುಡುಗನೊಬ್ಬ ತನ್ನ ಬ್ಲೂಟೂತ್ ಸ್ಪೀಕರನ್ನು ಕೂಡಿಸಿಕೊಟ್ಟ. ಕೋಚ್ ಒಂದು ಸಲ ನೋಡಿ, “ತಮ್ಮಾ, ನಾ ಬಾಯಿ ತಗಿಯೂಕಿಂತ ಮೊದಲ ಅಕ್ಷರನ ಮಾತಾಡಾಕತ್ತಾವಲ್ಲೋ,” ಎಂದರು. “ಎಲ್ಲಾ ಪದಾನೂ ಹಂಗ ಅನಸ್ತಾವೇನ್ರಿ ಸರ್, ಇಲ್ಲಾ ಒಂದೆರಡೇನ್ರಿ?” ಎಂದು ಕೇಳಿದೆ. “ಎಲ್ಲಾನೂ,” ಎಂದರು. ಈ ಪ್ರಶ್ನೆಯ ಉತ್ತರ ಬಹಳ ಮುಖ್ಯ. ಎಲ್ಲ ಪದಗಳೂ ಒಂದೇ ಅಳತೆಯಲ್ಲಿ ಮುಂದಿದ್ದರೆ ದೋಷ ಸಾಧನದ್ದು, ಸ-ನ-ಮಗಳಿಂದ ಶುರುವಾಗುವ ಕೆಲವು ಮಾತ್ರ ಮುಂದಿದ್ದರೆ ದೋಷ ಗುರುತಿನದ್ದು, ಮೊದಲು ಸರಿಯಿದ್ದು ಕೊನೆಕೊನೆಗೆ ಹೆಚ್ಚು ಸರಿಯುತ್ತಾ ಹೋದರೆ ಚೌಕಟ್ಟಿನ ವೇಗ ಎಲ್ಲೋ ಬದಲಾಗಿದೆ ಎಂದರ್ಥ. ಫೋನಿನಲ್ಲಿ ತೆಗೆದ ವಿಡಿಯೊದ ಚೌಕಟ್ಟಿನ ವೇಗ ಒಂದೇ ಸಮ ಇರುವುದಿಲ್ಲವಾದ್ದರಿಂದ ಅದನ್ನು ಜೊತೆಗಿಟ್ಟುಕೊಂಡು ಕೆಲಸ ಮಾಡುವವರಿಗೆ ಈ ಕೊನೆಯ ತೊಂದರೆ ಹೆಚ್ಚು. ಬ್ಲೂಟೂತ್‌ನಲ್ಲಿ ಧ್ವನಿ ಒಂದೆರಡು ನೂರು ಮಿಲಿಸೆಕೆಂಡು ಹಿಂದೆ ಬೀಳುವುದು ಸಾಮಾನ್ಯ. ತಂತಿಯ ಇಯರ್‌ಫೋನ್ ಕೊಟ್ಟು ಮತ್ತೆ ತೋರಿಸಿದಾಗ ಅವರಿಗೆ ‘ಸೈಕಲ್’ ಕೂಡ ಸರಿಯಾಗಿಯೇ ಕಂಡಿತು.

ಫೋನುಗಳಿಗೆ ಹಂಚುವ ಪ್ರತಿಯನ್ನು 1080×1920 ಅಳತೆಯಲ್ಲಿ, ಅಪ್ಲಿಕೇಶನ್‌ಗಳ ಗುಂಡಿಗಳು ಕೂರುವ ಕೆಳಗಿನ ಭಾಗವನ್ನು ಖಾಲಿ ಬಿಟ್ಟು, ಹಾಗೆಯೇ ಕೊಟ್ಟೆ. ಆದರೆ ಇದನ್ನು ಒಂದು ಸಭಾಂಗಣದಲ್ಲಿ ಪ್ರೊಜೆಕ್ಟರಿನಲ್ಲೂ ತೋರಿಸುವವರಿದ್ದರು. ಅಲ್ಲಿ ಧ್ವನಿ ಲ್ಯಾಪ್‌ಟಾಪಿನಿಂದ ನೇರವಾಗಿ ಆಂಪ್ಲಿಫೈಯರಿಗೆ ಹೋಗುತ್ತದೆ, ಚಿತ್ರ ಮಾತ್ರ ಪ್ರೊಜೆಕ್ಟರಿನೊಳಗೆ ಸಂಸ್ಕರಣೆಗೊಂಡು ತಡವಾಗಿ ಬರುತ್ತದೆ, ಅಂದರೆ ಪದಗಳು ಮಾತಿನ ಹಿಂದೆ ಬೀಳುತ್ತವೆ, ಕಣ್ಣು ಸಹಿಸದ ದಿಕ್ಕು ಅದೇ. ಕಾರ್ಯಕ್ರಮದ ಹಿಂದಿನ ಸಂಜೆ ಅಲ್ಲಿ ಹೋಗಿ ‘ಬ್ಯಾಡ್ರಿ’ಯ ತಾಗುವಿಕೆಯನ್ನೇ ಅಳತೆಗಿಟ್ಟುಕೊಂಡು ಧ್ವನಿಯನ್ನು ಒಂದೊಂದೇ ಚೌಕಟ್ಟು ಹಿಂದಕ್ಕೆ ಸರಿಸುತ್ತಾ ನೋಡಿದೆ. ಎರಡು ಚೌಕಟ್ಟಿಗೆ ಅದು ಕೂಡಿತು. ಆ ಪ್ರತಿಯ ಹೆಸರಿನಲ್ಲೇ ‘ಸಭಾಂಗಣಕ್ಕೆ ಮಾತ್ರ’ ಎಂದು ಬರೆದು, ಫೋನಿನ ಪ್ರತಿಯಿಂದ ಬೇರೆ ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟೆ.